ಅಡುಗೆ ಯಾರದು, ಪಾತ್ರೆ ಯಾರದು: ಕ್ಲೌಡ್‌ನ ಮೂರು ಸೇವಾ ಮಾದರಿಗಳನ್ನು ಹೋಟೆಲ್ ಹೋಲಿಕೆಯ ಮೂಲಕ ಆರಿಸಿಕೊಳ್ಳುವ ಬಗೆ

ಕ್ಲೌಡ್ ಸೇವೆಗಳನ್ನು ಮೂರು ಮಾದರಿಗಳಾಗಿ ವಿಂಗಡಿಸುವ ರೂಢಿಗೆ ಅಧಿಕೃತ ರೂಪ ಕೊಟ್ಟದ್ದು ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2011ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಕೆಲವೇ ಪುಟಗಳ ಒಂದು ವ್ಯಾಖ್ಯೆ. ಮೂಲಸೌಕರ್ಯ ಸೇವೆ, ಪ್ಲಾಟ್‌ಫಾರ್ಮ್ ಸೇವೆ, ಸಾಫ್ಟ್‌ವೇರ್ ಸೇವೆ ಎಂಬ ಈ ಮೂರನ್ನು ತಂತ್ರಜ್ಞರು ಮಾತಿನಲ್ಲಿ ಐಯಾಸ್, ಪಾಸ್, ಸಾಸ್ ಎಂದು ಕರೆಯುತ್ತಾರೆ. ಆ ವ್ಯಾಖ್ಯೆಯನ್ನು ಗಮನವಿಟ್ಟು ಓದಿದರೆ ಮೂರು ಮಾದರಿಗಳ ವಿವರಣೆಯೂ ಒಂದೇ ಪ್ರಶ್ನೆಯ ಸುತ್ತ ಇರುವುದು ಕಾಣುತ್ತದೆ: ಯಾವ ಪದರದ ಮೇಲೆ ಗ್ರಾಹಕನಿಗೆ ಹಿಡಿತವಿದೆ, ಯಾವುದರ ಮೇಲೆ ಇಲ್ಲ? ಹಿಡಿತ ಇರುವಲ್ಲಿ ಹೊಣೆಯೂ ಇರುತ್ತದೆ. ಆದ್ದರಿಂದ ಮಾದರಿಯನ್ನು ಆರಿಸುವುದೆಂದರೆ ಹೊಣೆಯ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ತೀರ್ಮಾನಿಸುವುದು. ಈ ಗೆರೆಯನ್ನು ಕಣ್ಣಿಗೆ ಕಾಣುವಂತೆ ಮಾಡಲು ಹೋಟೆಲಿನ ಹೋಲಿಕೆ ಬಹಳ ಉಪಯುಕ್ತ. ಆದರೆ ಅದು ಒಂದು ಮುಖ್ಯ ಸಂಗತಿಯನ್ನು ಮುಚ್ಚಿಡುತ್ತದೆ ಎಂಬುದನ್ನೂ ಮುಂದೆ ನೋಡಲಿದ್ದೇವೆ.

ಹೋಲಿಕೆಯನ್ನು ಸರಿಯಾಗಿ ಹೊಂದಿಸಿಕೊಳ್ಳುವುದು

ಜನರಿಗೆ ಊಟ ಬಡಿಸುವುದು ನಿಮ್ಮ ಗುರಿ ಎಂದಿಟ್ಟುಕೊಳ್ಳಿ. ಮೊದಲನೆಯ ದಾರಿಯಲ್ಲಿ ನೀವು ಒಂದು ಅಡುಗೆಮನೆಯನ್ನು ಬಾಡಿಗೆಗೆ ಪಡೆಯುತ್ತೀರಿ. ಕಟ್ಟಡ, ನೀರು, ವಿದ್ಯುತ್ತು, ಒಲೆಗೆ ಬರುವ ಅನಿಲ ಇವೆಲ್ಲ ಮಾಲೀಕರ ಜವಾಬ್ದಾರಿ. ಪಾತ್ರೆ ತರುವುದು, ತೊಳೆಯುವುದು, ದಿನಸಿ ಕೊಳ್ಳುವುದು, ಅಡುಗೆ ಮಾಡುವುದು, ರಾತ್ರಿ ಬಾಗಿಲಿಗೆ ಬೀಗ ಹಾಕುವುದು ನಿಮ್ಮವು. ಇದು ಮೂಲಸೌಕರ್ಯ ಸೇವೆ. ಎರಡನೆಯ ದಾರಿಯಲ್ಲಿ ಪಾತ್ರೆಗಳೂ ಸಹಾಯಕರೂ ಸಿದ್ಧವಿರುವ, ನಡೆಯುತ್ತಿರುವ ಅಡುಗೆಮನೆಗೆ ನಿಮ್ಮ ಪಾಕವಿಧಾನವನ್ನೂ ದಿನಸಿಯನ್ನೂ ಒಯ್ದು ಒಪ್ಪಿಸುತ್ತೀರಿ. ಒಲೆ ಉರಿಸುವವರು, ಪಾತ್ರೆ ತೊಳೆಯುವವರು, ಜನ ಹೆಚ್ಚಾದಾಗ ಇನ್ನೊಂದು ಒಲೆ ಹಚ್ಚುವವರು ಅವರೇ. ರುಚಿ ಕೆಟ್ಟರೆ ಮಾತ್ರ ತಪ್ಪು ನಿಮ್ಮ ಪಾಕವಿಧಾನದ್ದು. ಇದು ಪ್ಲಾಟ್‌ಫಾರ್ಮ್ ಸೇವೆ. ಮೂರನೆಯದರಲ್ಲಿ ನೀವು ನೇರವಾಗಿ ಹೋಟೆಲಿಗೆ ಹೋಗಿ ಮೇಜಿನ ಮುಂದೆ ಕುಳಿತು ಪಟ್ಟಿಯಲ್ಲಿ ಇರುವುದನ್ನು ಕೇಳಿ ಪಡೆಯುತ್ತೀರಿ. ಉಪ್ಪು ಕಡಿಮೆ ಹಾಕಿ ಎನ್ನಬಹುದು. ಪಟ್ಟಿಯಲ್ಲಿ ಇಲ್ಲದ್ದನ್ನು ಮಾಡಿಕೊಡಿ ಎನ್ನಲಾಗುವುದಿಲ್ಲ. ಇದು ಸಾಫ್ಟ್‌ವೇರ್ ಸೇವೆ.

ಇಲ್ಲಿ ಕಟ್ಟಡವೆಂದರೆ ದತ್ತಾಂಶ ಕೇಂದ್ರ, ಭೌತಿಕ ಯಂತ್ರ ಮತ್ತು ಜಾಲ. ಪಾತ್ರೆಯೆಂದರೆ ಆಪರೇಟಿಂಗ್ ಸಿಸ್ಟಮ್, ವೆಬ್ ಸರ್ವರ್, ಡೇಟಾಬೇಸ್ ತಂತ್ರಾಂಶ. ಪಾಕವಿಧಾನವೆಂದರೆ ನೀವು ಬರೆದ ಪ್ರೋಗ್ರಾಂ. ದಿನಸಿಯೆಂದರೆ ಆ ಪ್ರೋಗ್ರಾಂ ಬಳಸುವ, ಬೇರೆಯವರು ಬರೆದ ಲೈಬ್ರರಿಗಳು. ಪಾತ್ರೆಗೂ ದಿನಸಿಗೂ ಇರುವ ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ. ಅನೇಕರು ಎಡವುವುದು ಇಲ್ಲಿಯೇ.

ಒಂದು ಪ್ರಕರಣ

ಒಂದು ತರಬೇತಿ ಸಂಸ್ಥೆಗೆ ಕೋರ್ಸುಗಳ ನೋಂದಣಿಯನ್ನು ಆನ್‌ಲೈನ್‌ನಲ್ಲಿ ಮಾಡಬೇಕಾಗಿದೆ ಎಂದು ಭಾವಿಸೋಣ. ಅರ್ಜಿದಾರರು ಹೆಸರು, ಫೋನ್ ಸಂಖ್ಯೆ, ಬೇಕಾದ ಕೋರ್ಸ್ ತುಂಬಿ ಒಂದು ಭಾವಚಿತ್ರವನ್ನು ಸೇರಿಸುತ್ತಾರೆ. ದೃಢೀಕರಣದ ಇಮೇಲ್ ಹೋಗಬೇಕು. ಪ್ರತಿ ಕೋರ್ಸಿಗೆ 30 ಸೀಟುಗಳಷ್ಟೇ ಇವೆ. ನೋಂದಣಿ ತೆರೆದ ಮೊದಲ ಗಂಟೆಯಲ್ಲಿ ನೂರಾರು ಜನ ಒಮ್ಮೆಗೇ ಬರುತ್ತಾರೆ, ಉಳಿದ ದಿನಗಳಲ್ಲಿ ಅಪರೂಪಕ್ಕೊಬ್ಬರು. ಸಂಸ್ಥೆಯಲ್ಲಿ ಪ್ರೋಗ್ರಾಂ ಬರೆಯಬಲ್ಲವರು ಒಬ್ಬರಿದ್ದಾರೆ; ಸರ್ವರ್ ನೋಡಿಕೊಳ್ಳಲೆಂದೇ ನೇಮಿಸಿದವರು ಯಾರೂ ಇಲ್ಲ.

ಮೊದಲ ಹೆಜ್ಜೆಯಾಗಿ ಯಾವ ಕಂಪನಿಯ ಜಾಲತಾಣವನ್ನೂ ತೆರೆಯದೆ, ಮೇಲಿನ ವಿವರಣೆಯಲ್ಲಿ ರಾಜಿ ಮಾಡಿಕೊಳ್ಳಲಾಗದ ಬೇಡಿಕೆ ಯಾವುದೆಂದು ಗುರುತಿಸಿ. ಇಲ್ಲಿ ಅದು 30 ಸೀಟುಗಳ ಮಿತಿ. ಇಮೇಲ್ ಐದು ನಿಮಿಷ ತಡವಾದರೆ ನಡೆದೀತು, ಪುಟದ ಬಣ್ಣ ಬೇರೆಯಾದರೂ ನಡೆದೀತು. ಆದರೆ 31ನೆಯವರಿಗೆ ಸೀಟು ಸಿಕ್ಕಿದೆ ಎಂಬ ಇಮೇಲ್ ಹೋದರೆ ಅದನ್ನು ಸರಿಪಡಿಸುವುದು ಕಷ್ಟ.

ಪಟ್ಟಿಯಿಂದ ಆರಂಭಿಸಿ

ಪರಿಶೀಲನೆಯನ್ನು ಯಾವಾಗಲೂ ಮೂರನೆಯ ಮಾದರಿಯಿಂದ ಆರಂಭಿಸಿ ಕೆಳಕ್ಕೆ ಇಳಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೋಟೆಲಿನಲ್ಲಿ ಸಿಗುವ ಊಟವೇ ಸಾಕಾಗುವುದಾದರೆ ಅಡುಗೆಮನೆ ಬಾಡಿಗೆಗೆ ಹಿಡಿಯುವ ಅಗತ್ಯವಿಲ್ಲ. ತಂತ್ರಜ್ಞರು ಮಾತ್ರ ಬಹಳ ಸಲ ತಮಗೆ ಪರಿಚಯವಿರುವ ಸರ್ವರಿನಿಂದಲೇ ಆರಂಭಿಸುತ್ತಾರೆ.

ಫಾರ್ಮ್ ಒದಗಿಸುವ ಸಾಫ್ಟ್‌ವೇರ್ ಸೇವೆಯೊಂದರಲ್ಲಿ ಈ ನೋಂದಣಿ ಪುಟವನ್ನು ಒಂದೇ ಮಧ್ಯಾಹ್ನದಲ್ಲಿ ಸಿದ್ಧಪಡಿಸಬಹುದು. ಯಂತ್ರ, ಡೇಟಾಬೇಸ್, ಜನದಟ್ಟಣೆ, ಭದ್ರತಾ ತಿದ್ದುಪಡಿ ಯಾವುದೂ ನಿಮ್ಮ ತಲೆನೋವಲ್ಲ. ಈಗ ಸೀಟುಗಳ ಮಿತಿ ಪಟ್ಟಿಯಲ್ಲಿ ಇದೆಯೇ ಎಂದು ನೋಡಬೇಕು. ಇದೆ ಎಂದು ವಿವರಣೆಯಲ್ಲಿ ಬರೆದಿದ್ದರೆ ಅಷ್ಟಕ್ಕೇ ನಂಬಬೇಡಿ. ಮಿತಿಯನ್ನು 1ಕ್ಕೆ ಇರಿಸಿ, ಎರಡು ಕಂಪ್ಯೂಟರ್‌ಗಳಲ್ಲಿ ಫಾರ್ಮನ್ನು ತುಂಬಿಟ್ಟುಕೊಂಡು ಇಬ್ಬರು ಒಂದೇ ಕ್ಷಣದಲ್ಲಿ ಸಲ್ಲಿಸಿ. ಇದನ್ನು ಕೆಲವು ಸಲ ಪುನರಾವರ್ತಿಸಿ. ಮಿತಿಯು ಫಾರ್ಮಿನ ಮೂಲ ಭಾಗವಾಗಿರದೆ, ಉತ್ತರಗಳು ಬಂದ ಮೇಲೆ ಎಣಿಸಿ ಫಾರ್ಮನ್ನು ಮುಚ್ಚುವ ಹೆಚ್ಚುವರಿ ಸಾಧನದಿಂದ ಬಂದಿದ್ದರೆ, ಎಣಿಕೆಗೂ ಮುಚ್ಚುವಿಕೆಗೂ ನಡುವಿನ ಅಂತರದಲ್ಲಿ ಇಬ್ಬರೂ ಒಳಗೆ ಬರುತ್ತಾರೆ. ಹಾಗಾದರೆ ನಿಮಗೆ ಬೇಕಾದದ್ದು ಪಟ್ಟಿಯಲ್ಲಿ ಇಲ್ಲವೆಂದೇ ಅರ್ಥ.

ಪಟ್ಟಿಯಲ್ಲಿ ಇದ್ದರೆ ಅದನ್ನೇ ಆರಿಸಿಕೊಳ್ಳಿ. ಆಗಲೂ ನಿಮ್ಮಲ್ಲಿ ಉಳಿಯುವ ಹೊಣೆ ಎಂದರೆ ಖಾತೆಗಳು ಮತ್ತು ಅನುಮತಿಗಳು. ಬಂದ ಉತ್ತರಗಳ ಪುಟವನ್ನು ಸಹೋದ್ಯೋಗಿಗೆ ತೋರಿಸಲು, ಕೊಂಡಿ ಇರುವ ಯಾರು ಬೇಕಾದರೂ ನೋಡಬಹುದು ಎಂಬ ಆಯ್ಕೆಯನ್ನು ಒತ್ತಿದರೆ ಅರ್ಜಿದಾರರ ಫೋನ್ ಸಂಖ್ಯೆ ಮತ್ತು ಚಿತ್ರಗಳು ಬಯಲಾದಂತೆಯೇ. ಇದಕ್ಕೆ ಸೇವೆ ಒದಗಿಸುವವರು ಹೊಣೆಯಲ್ಲ. ಪರೀಕ್ಷಿಸುವುದು ಸುಲಭ: ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಯಾವ ಖಾತೆಗೂ ಲಾಗಿನ್ ಆಗದೆ, ಆ ಕೊಂಡಿಯನ್ನು ತೆರೆದು ನೋಡಿ.

ಪಾಕವಿಧಾನ ನಿಮ್ಮದು, ಒಲೆ ಅವರದು

ಮಿತಿಯ ಪರೀಕ್ಷೆಯಲ್ಲಿ ಸಿದ್ಧ ಸೇವೆ ಸೋತಿತು ಎಂದುಕೊಳ್ಳೋಣ. ಆಗ ಪ್ಲಾಟ್‌ಫಾರ್ಮ್ ಸೇವೆಗೆ ಇಳಿಯಬೇಕು. 2007ರಲ್ಲಿ ಆರಂಭವಾದ ಹೆರೋಕು, 2008ರಲ್ಲಿ ಬಂದ ಗೂಗಲ್ ಆಪ್ ಎಂಜಿನ್ ಈ ಬಗೆಯ ಹಳೆಯ, ಪ್ರಸಿದ್ಧ ಉದಾಹರಣೆಗಳು. ಇಲ್ಲಿ ನೀವು ಪ್ರೋಗ್ರಾಂ ಬರೆಯುತ್ತೀರಿ, ಅಗತ್ಯವಿರುವ ಲೈಬ್ರರಿಗಳ ಪಟ್ಟಿಯನ್ನು ಜೊತೆಗಿಡುತ್ತೀರಿ, ಅದನ್ನು ಹೇಗೆ ಆರಂಭಿಸಬೇಕೆಂದು ತಿಳಿಸುತ್ತೀರಿ. ಹೆರೋಕುವಿನಲ್ಲಿ ಪೈಥಾನ್ ಪ್ರೋಗ್ರಾಂ ಒಂದಕ್ಕೆ `Procfile` ಎಂಬ ಕಡತದಲ್ಲಿ ಬರೆಯಬೇಕಾದದ್ದು ಒಂದೇ ಸಾಲು:

```
web: gunicorn app:app
```

ಸೀಟಿನ ಮಿತಿಯನ್ನು ಈಗ ನೀವೇ ಬರೆಯಬೇಕು, ಸರಿಯಾಗಿಯೇ ಬರೆಯಬಹುದು. ಮೊದಲು ಸೀಟುಗಳನ್ನು ಎಣಿಸಿ, ಉಳಿದಿದ್ದರೆ ಆಮೇಲೆ ಸೇರಿಸುವ ವಿಧಾನ ಅಪಾಯಕಾರಿ, ಏಕೆಂದರೆ ಇಬ್ಬರು ಒಂದೇ ಎಣಿಕೆಯನ್ನು ನೋಡಿ ಇಬ್ಬರೂ ಮುಂದುವರಿಯಬಹುದು. ಪರಿಶೀಲನೆಯನ್ನೂ ಬದಲಾವಣೆಯನ್ನೂ ಒಂದೇ ಆಜ್ಞೆಯಲ್ಲಿ ಸೇರಿಸಿದರೆ ಡೇಟಾಬೇಸ್ ಒಬ್ಬರಾದ ಮೇಲೆ ಒಬ್ಬರನ್ನು ಒಳಗೆ ಬಿಡುತ್ತದೆ:

```
UPDATE courses SET seats_left = seats_left - 1
WHERE id = 7 AND seats_left > 0;
```

ಈ ಆಜ್ಞೆಯಿಂದ ಒಂದು ಸಾಲು ಬದಲಾಗಿದ್ದರೆ ಸೀಟು ಸಿಕ್ಕಿತು. ಶೂನ್ಯವಾದರೆ ಕೋರ್ಸ್ ತುಂಬಿದೆ. ಅರ್ಜಿದಾರರ ಹೆಸರನ್ನು ದಾಖಲಿಸುವ ಆಜ್ಞೆಯನ್ನೂ ಇದರೊಂದಿಗೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇಡಬೇಕು. ಇಲ್ಲದಿದ್ದರೆ ನಡುವೆ ದೋಷ ಉಂಟಾದಾಗ ಸೀಟು ಕಡಿಮೆಯಾಗಿಯೂ ಯಾರ ಹೆಸರಿಗೂ ಸೇರದೆ ಉಳಿದುಬಿಡುತ್ತದೆ.

ಪ್ಲಾಟ್‌ಫಾರ್ಮಿನ ಅಡುಗೆಮನೆಗೆ ತನ್ನದೇ ನಿಯಮಗಳಿವೆ, ಮತ್ತು ಹೊಸಬರಿಗೆ ಹೆಚ್ಚು ನಷ್ಟ ತರುವ ನಿಯಮ ಕಡತಗಳಿಗೆ ಸಂಬಂಧಿಸಿದ್ದು. ನಿಮ್ಮ ಪ್ರೋಗ್ರಾಂ ನಡೆಯುವ ಜಾಗ ತಾತ್ಕಾಲಿಕ. ಕೆಲಸ ಮುಗಿದಾಗ ಮೇಜನ್ನು ಪೂರ್ತಿ ಒರೆಸಿಬಿಡುತ್ತಾರೆ. ಅರ್ಜಿದಾರರ ಭಾವಚಿತ್ರಗಳನ್ನು ಪ್ರೋಗ್ರಾಮಿನ ಪಕ್ಕದ ಫೋಲ್ಡರಿನಲ್ಲಿ ಉಳಿಸಿದರೆ ಮೊದಲ ದಿನ ಎಲ್ಲವೂ ಸರಿಯಾಗಿ ಕಾಣುತ್ತದೆ. ಹೆರೋಕುವಿನಲ್ಲಿ ಪ್ರತಿ ಪ್ರಕ್ರಿಯೆಯೂ ದಿನಕ್ಕೊಮ್ಮೆಯಾದರೂ ಮರುಪ್ರಾರಂಭವಾಗುತ್ತದೆ, ಆಗ ಆ ಫೋಲ್ಡರ್ ಖಾಲಿಯಾಗುತ್ತದೆ. ಡೇಟಾಬೇಸಿನಲ್ಲಿ ಚಿತ್ರದ ಹೆಸರು ಇದ್ದು ಪುಟದಲ್ಲಿ ಚಿತ್ರ ಮಾತ್ರ ಕಾಣದಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಸಾರ್ವಜನಿಕರಿಗೆ ತೆರೆಯುವ ಮೊದಲೇ ಒಂದು ಚಿತ್ರವನ್ನು ಸೇರಿಸಿ, ಪ್ರೋಗ್ರಾಮನ್ನು ಮರುಪ್ರಾರಂಭಿಸಿ, ಆ ಚಿತ್ರ ಇನ್ನೂ ತೆರೆಯುತ್ತದೆಯೇ ಎಂದು ನೋಡಿ. ತೆರೆಯದಿದ್ದರೆ ಚಿತ್ರಗಳನ್ನು ಪ್ರತ್ಯೇಕ ಆಬ್ಜೆಕ್ಟ್ ಸಂಗ್ರಹ ಸೇವೆಗೆ ಕಳುಹಿಸುವಂತೆ ಪ್ರೋಗ್ರಾಮನ್ನು ಬದಲಾಯಿಸಬೇಕು.

ಇನ್ನೊಂದು ನಿಯಮ ನಿಧಾನವಾಗಿ ಎದುರಾಗುವಂಥದ್ದು. ಅಡುಗೆಮನೆಯವರು ಹಳೆಯ ಒಲೆಗಳನ್ನು ತೆಗೆದುಹಾಕುತ್ತಾರೆ. ಪೈಥಾನ್ 3.8ರ ಅಧಿಕೃತ ಬೆಂಬಲ 2024ರ ಅಕ್ಟೋಬರ್‌ನಲ್ಲಿ ಮುಗಿಯಿತು. ಬೆಂಬಲ ಮುಗಿದ ಆವೃತ್ತಿಗಳನ್ನು ಪ್ಲಾಟ್‌ಫಾರ್ಮ್‌ಗಳು ಕ್ರಮೇಣ ಕೈಬಿಡುತ್ತವೆ. ಆಗ ನಿಮ್ಮ ಪ್ರೋಗ್ರಾಮನ್ನು ಹೊಸ ಆವೃತ್ತಿಗೆ ಹೊಂದಿಸುವ ಕೆಲಸ ನಿಮ್ಮದೇ, ಅದೂ ಅವರು ಗೊತ್ತುಮಾಡಿದ ದಿನಾಂಕದೊಳಗೆ.

ಅಡುಗೆಮನೆಯನ್ನೇ ಹಿಡಿದರೆ

ಅಮೆಜಾನ್ ತನ್ನ ಬಾಡಿಗೆ ಯಂತ್ರಗಳ ಸೇವೆಯಾದ ಇಸಿ2 ಅನ್ನು 2006ರ ಆಗಸ್ಟ್‌ನಲ್ಲಿ ಪ್ರಾಯೋಗಿಕವಾಗಿ ತೆರೆದಾಗಿನಿಂದ ಮೂಲಸೌಕರ್ಯ ಸೇವೆಯ ರೂಪ ಹೆಚ್ಚೇನೂ ಬದಲಾಗಿಲ್ಲ: ಖಾಲಿ ಯಂತ್ರವೊಂದು ಸಿಗುತ್ತದೆ, ಉಳಿದದ್ದು ನಿಮ್ಮ ಕೈಯಲ್ಲಿ. ನಮ್ಮ ನೋಂದಣಿ ಪುಟಕ್ಕಾಗಿ ಆಪರೇಟಿಂಗ್ ಸಿಸ್ಟಮ್ ಆರಿಸಬೇಕು, ವೆಬ್ ಸರ್ವರ್ ಮತ್ತು ಡೇಟಾಬೇಸ್ ಸ್ಥಾಪಿಸಬೇಕು, ಫೈರ್‌ವಾಲ್ ಹೊಂದಿಸಬೇಕು, ಭದ್ರತಾ ಪ್ರಮಾಣಪತ್ರ ಪಡೆದು ಅದರ ಅವಧಿ ಮುಗಿಯುವ ಮೊದಲು ನವೀಕರಿಸಬೇಕು, ಬ್ಯಾಕಪ್ ತೆಗೆಯಬೇಕು. ಇವು ಒಂದು ದಿನದಲ್ಲಿ ಮುಗಿಯುವ ಕೆಲಸಗಳು, ಹಾಗಾಗಿಯೇ ಈ ದಾರಿ ಸುಲಭವೆಂದು ತೋರುತ್ತದೆ. ಪಾತ್ರೆಯನ್ನು ಒಮ್ಮೆ ತಂದರೆ ಸಾಲದು, ಪ್ರತಿದಿನ ತೊಳೆಯಬೇಕು ಎಂಬುದು ಆಮೇಲೆ ತಿಳಿಯುತ್ತದೆ.

ಉಬುಂಟು ಯಂತ್ರವೊಂದರಲ್ಲಿ ಪಾತ್ರೆಗಳು ಶುಚಿಯಾಗಿವೆಯೇ ಎಂದು ತಿಳಿಯಲು ಮೂರು ಆಜ್ಞೆಗಳು ಸಾಕು:

```
sudo ss -tlnp
ls /var/run/reboot-required
df -h
```

ಮೊದಲನೆಯದು ಯಾವ ಪೋರ್ಟ್‌ಗಳಲ್ಲಿ ಯಂತ್ರ ಸಂಪರ್ಕಕ್ಕಾಗಿ ಕಾಯುತ್ತಿದೆ ಎಂದು ತೋರಿಸುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಸಾಲಿನಲ್ಲಿ `127.0.0.1:5432` ಎಂದಿದ್ದರೆ ಅದು ಆ ಯಂತ್ರದೊಳಗಿನವರ ಮಾತನ್ನು ಮಾತ್ರ ಕೇಳುತ್ತದೆ. `0.0.0.0:5432` ಎಂದಿದ್ದು ಫೈರ್‌ವಾಲೂ ತಡೆಯದಿದ್ದರೆ ಹೊರಗಿನ ಜಗತ್ತೆಲ್ಲ ಬಾಗಿಲು ತಟ್ಟಬಹುದು. ಎರಡನೆಯ ಆಜ್ಞೆಗೆ ಆ ಕಡತ ಸಿಕ್ಕಿತೆಂದರೆ, ತಿದ್ದುಪಡಿ ಸ್ಥಾಪನೆಯಾಗಿದ್ದರೂ ಯಂತ್ರವನ್ನು ಮರುಪ್ರಾರಂಭಿಸದ ಕಾರಣ ಅದು ಪೂರ್ತಿ ಜಾರಿಗೆ ಬಂದಿಲ್ಲ. ಮೂರನೆಯದು ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುತ್ತದೆ. ಲಾಗ್ ಕಡತಗಳು ಬೆಳೆದು ಡಿಸ್ಕ್ ತುಂಬಿದಾಗ ಡೇಟಾಬೇಸಿಗೆ ಬರೆಯಲು ಜಾಗವಿಲ್ಲದೆ, ಪುಟ ತೆರೆದರೂ ನೋಂದಣಿ ಮಾತ್ರ ವಿಫಲವಾಗುವ ವಿಚಿತ್ರ ಸ್ಥಿತಿ ಬರುತ್ತದೆ. ಈ ಮೂರನ್ನು ವಾರಕ್ಕೊಮ್ಮೆಯಾದರೂ ಯಾರು ನೋಡುತ್ತಾರೆ ಎಂಬುದಕ್ಕೆ ಒಬ್ಬ ವ್ಯಕ್ತಿಯ ಹೆಸರು ನಿಮ್ಮಲ್ಲಿ ಇಲ್ಲದಿದ್ದರೆ ಈ ಮಾದರಿ ನಿಮಗೆ ಹೊಂದುವುದಿಲ್ಲ.

ಶುಲ್ಕದ ವಿಷಯದಲ್ಲಿ ಒಂದೇ ಮಾತು: ಅಡುಗೆ ಮಾಡಿದರೂ ಮಾಡದಿದ್ದರೂ ಅಡುಗೆಮನೆಯ ಬಾಡಿಗೆ ನಡೆಯುತ್ತಲೇ ಇರುತ್ತದೆ. ಯಂತ್ರವನ್ನು ನಿಲ್ಲಿಸಿಟ್ಟರೂ ಅದಕ್ಕೆ ಜೋಡಿಸಿದ ಡಿಸ್ಕಿನ ಶುಲ್ಕ ಸಾಮಾನ್ಯವಾಗಿ ಮುಂದುವರಿಯುತ್ತದೆ. ವರ್ಷದ ಹೆಚ್ಚಿನ ಭಾಗ ಖಾಲಿಯಿರುವ ನಮ್ಮ ನೋಂದಣಿ ಪುಟಕ್ಕೆ ಇದು ಅನುಕೂಲವಲ್ಲ.

ಎರಡು ದೋಷಗಳಿಂದ ಗೆರೆಯನ್ನು ಪರೀಕ್ಷಿಸುವುದು

ಹೊಣೆಯ ಗೆರೆ ಎಲ್ಲಿದೆ ಎಂಬುದು ಎಲ್ಲವೂ ಸರಿಯಿರುವಾಗ ಕಾಣುವುದಿಲ್ಲ. ಆದ್ದರಿಂದ ನಿಜವಾಗಿ ನಡೆದ ಎರಡು ಭದ್ರತಾ ದೋಷಗಳನ್ನು ನಿಮ್ಮ ಯೋಜನೆಗೆ ಹಚ್ಚಿ ನೋಡುವುದು ಒಳ್ಳೆಯ ಅಭ್ಯಾಸ.

2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಹಿರಂಗವಾಯಿತು. ಸಂಪರ್ಕಗಳನ್ನು ಗೂಢಲಿಪಿಗೊಳಿಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಕೆಲವು ಆವೃತ್ತಿಗಳಲ್ಲಿ, ಹೊರಗಿನವರು ಸರ್ವರಿನ ಮೆಮೊರಿಯ ತುಣುಕುಗಳನ್ನು ಓದಲು ಅದು ಅವಕಾಶ ಕೊಟ್ಟಿತು. ಸಾಮಾನ್ಯವಾಗಿ ಈ ಲೈಬ್ರರಿ ಆಪರೇಟಿಂಗ್ ಸಿಸ್ಟಮ್ಮಿನ ಜೊತೆಗೆ ಬರುತ್ತದೆ, ಅಂದರೆ ನಮ್ಮ ಹೋಲಿಕೆಯಲ್ಲಿ ಅದು ಪಾತ್ರೆ. ಅಡುಗೆಮನೆಯನ್ನು ಬಾಡಿಗೆಗೆ ಹಿಡಿದವರು ತಿದ್ದುಪಡಿಯನ್ನು ತಾವೇ ಸ್ಥಾಪಿಸಿ, ಸೇವೆಗಳನ್ನು ಮರುಪ್ರಾರಂಭಿಸಿ, ರಹಸ್ಯ ಕೀಲಿಯನ್ನೂ ಪ್ರಮಾಣಪತ್ರವನ್ನೂ ಬದಲಾಯಿಸಬೇಕಾಗಿತ್ತು. ಉಳಿದೆರಡು ಮಾದರಿಗಳಲ್ಲಿ ಪಾತ್ರೆಯನ್ನು ಸರಿಪಡಿಸುವುದು ಸೇವೆ ಒದಗಿಸುವವರ ಪಾಲು. ಗ್ರಾಹಕರಿಗೆ ಉಳಿಯುತ್ತಿದ್ದದ್ದು ಮುಖ್ಯವಾಗಿ ತಮ್ಮ ಪಾಸ್‌ವರ್ಡ್‌ಗಳನ್ನೂ, ತಾವೇ ತಂದು ಕೊಟ್ಟಿದ್ದರೆ ಪ್ರಮಾಣಪತ್ರಗಳನ್ನೂ ಬದಲಾಯಿಸುವ ಕೆಲಸ.

2021ರ ಡಿಸೆಂಬರ್‌ನಲ್ಲಿ ಬಂದ ಲಾಗ್4ಶೆಲ್ ಬೇರೆ ಬಗೆಯದು. ಜಾವಾ ಪ್ರೋಗ್ರಾಂಗಳು ಲಾಗ್ ಬರೆಯಲು ಬಳಸುವ ಲಾಗ್4ಜೆ ಎಂಬ ಲೈಬ್ರರಿಯಲ್ಲಿದ್ದ ಆ ದೋಷದಿಂದ ಹೊರಗಿನವರು ಸರ್ವರಿನಲ್ಲಿ ತಮ್ಮ ಆಜ್ಞೆಗಳನ್ನು ನಡೆಸಬಹುದಾಗಿತ್ತು. ಈ ಲೈಬ್ರರಿಯನ್ನು ಪ್ರೋಗ್ರಾಂ ಬರೆದವರೇ ಜೊತೆಗೆ ಸೇರಿಸಿರುತ್ತಾರೆ. ಅದು ನೀವು ಒಯ್ದ ದಿನಸಿ. ನಿಮ್ಮ ಚೀಲದಲ್ಲಿನ ಕೆಟ್ಟ ದಿನಸಿಯನ್ನು ಅಡುಗೆಮನೆಯವರು ಎಸೆಯುವುದಿಲ್ಲ. ಪ್ಲಾಟ್‌ಫಾರ್ಮ್ ಸೇವೆ ಪಡೆದವರೂ ಹೊಸ ಆವೃತ್ತಿಯನ್ನು ಸೇರಿಸಿ ಪ್ರೋಗ್ರಾಮನ್ನು ಮತ್ತೆ ಕಳುಹಿಸಬೇಕಾಗಿತ್ತು. ಪ್ಲಾಟ್‌ಫಾರ್ಮಿಗೆ ಹೋದರೆ ಭದ್ರತೆಯ ಚಿಂತೆ ಮುಗಿಯಿತು ಎಂದು ತಿಳಿದಿದ್ದವರಿಗೆ ಗೆರೆ ಎಲ್ಲಿದೆ ಎಂಬುದನ್ನು ಈ ದೋಷ ತೋರಿಸಿಕೊಟ್ಟಿತು. ನೀವು ಬಳಸುವ ಲೈಬ್ರರಿಗಳು ಮತ್ತು ಅವುಗಳ ಆವೃತ್ತಿಗಳ ಪಟ್ಟಿಯನ್ನು ಕೇಳಿದ ತಕ್ಷಣ ತೆಗೆದುಕೊಡಲು ಸಾಧ್ಯವಿದ್ದರೆ ಇಂಥ ದಿನ ಬಂದಾಗ ಕೆಲಸ ಬಹಳ ಹಗುರವಾಗುತ್ತದೆ.

ಹೋಲಿಕೆ ಮುಚ್ಚಿಡುವ ಸಂಗತಿ

ಹೋಟೆಲಿಗೆ ಹೋಗುವವರು ಹಸಿವನ್ನು ಬಿಟ್ಟು ಬೇರೇನನ್ನೂ ಒಯ್ಯುವುದಿಲ್ಲ, ಊಟ ಮುಗಿಸಿ ಎದ್ದ ಮೇಲೆ ಅಲ್ಲಿ ಅವರದೆಂಬುದು ಏನೂ ಉಳಿಯುವುದಿಲ್ಲ. ಕ್ಲೌಡ್ ಸೇವೆಯಲ್ಲಿ ಹಾಗಲ್ಲ. ಮೂರೂ ಮಾದರಿಗಳಲ್ಲಿ ಅರ್ಜಿದಾರರ ಹೆಸರು, ಫೋನ್, ಚಿತ್ರಗಳು ಅಲ್ಲಿಯೇ ಉಳಿಯುತ್ತವೆ, ದಿನದಿಂದ ದಿನಕ್ಕೆ ಬೆಳೆಯುತ್ತವೆ. ಹೋಟೆಲ್ ಬದಲಾಯಿಸುವುದು ಸುಲಭ, ದತ್ತಾಂಶವಿರುವ ಸೇವೆಯನ್ನು ಬದಲಾಯಿಸುವುದು ಕಷ್ಟ. ಮಾದರಿ ಮೇಲಕ್ಕೆ ಹೋದಂತೆ ನಿಮ್ಮ ಕೆಲಸ ಕಡಿಮೆಯಾಗುತ್ತದೆ ಎಂಬುದು ನಿಜ. ಹೊರಬರುವ ದಾರಿ ಕಿರಿದಾಗುತ್ತದೆ ಎಂಬುದೂ ಅಷ್ಟೇ ನಿಜ. ಸೇವೆ ಒದಗಿಸುವವರು ತೆಗೆಯುವ ಬ್ಯಾಕಪ್ ಮುಖ್ಯವಾಗಿ ಅವರ ಯಂತ್ರಗಳು ಕೆಟ್ಟರೆ ರಕ್ಷಣೆ ಕೊಡುತ್ತದೆ. ನಿಮ್ಮವರೇ ತಪ್ಪಾಗಿ ಅಳಿಸಿದ ದಾಖಲೆ, ಅಳಿಸಿದ ವಸ್ತುಗಳನ್ನು ಇಟ್ಟುಕೊಳ್ಳುವ ಅವಧಿ ಮುಗಿದ ಮೇಲೆ, ಮರಳಿ ಸಿಗುತ್ತದೆ ಎಂದು ನಂಬುವಂತಿಲ್ಲ.

ಆದ್ದರಿಂದ ತೀರ್ಮಾನಕ್ಕೆ ಮೊದಲು ಹೊರಬರುವ ಅಭ್ಯಾಸವನ್ನು ಒಮ್ಮೆ ಮಾಡಿ ನೋಡಬೇಕು. ಸಾಫ್ಟ್‌ವೇರ್ ಸೇವೆಯಾದರೆ ಹತ್ತು ಪರೀಕ್ಷಾ ನೋಂದಣಿಗಳನ್ನು ತುಂಬಿ ರಫ್ತು ಮಾಡಿ. ಹೊರಬಂದ ಕೋಷ್ಟಕದಲ್ಲಿ ಸಲ್ಲಿಸಿದ ಸಮಯ ಇದೆಯೇ, ಕನ್ನಡದ ಹೆಸರುಗಳು ಕೆಡದೆ ಬಂದಿವೆಯೇ, ಚಿತ್ರಗಳು ಬಂದಿವೆಯೇ ಅಥವಾ ಆ ಸೇವೆಯ ಖಾತೆ ಇರುವವರೆಗೆ ಮಾತ್ರ ತೆರೆಯುವ ಕೊಂಡಿಗಳು ಬಂದಿವೆಯೇ ಎಂದು ನೋಡಿ. ಉಳಿದ ಎರಡು ಮಾದರಿಗಳಲ್ಲಿ ಪೋಸ್ಟ್‌ಗ್ರೆಸ್ ಬಳಸಿದ್ದರೆ `pg_dump` ಮೂಲಕ ಪ್ರತಿ ತೆಗೆದು, ಅದನ್ನು ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ಖಾಲಿ ಡೇಟಾಬೇಸ್ ಒಂದಕ್ಕೆ ತುಂಬಿ, ದಾಖಲೆಗಳ ಸಂಖ್ಯೆ ಎರಡೂ ಕಡೆ ಒಂದೇ ಇದೆಯೇ ಎಂದು ಪರಿಶೀಲಿಸಿ.

ನಮ್ಮ ತರಬೇತಿ ಸಂಸ್ಥೆಗೆ ನಾನು ಸೂಚಿಸುವುದು ಮಿಶ್ರ ಏರ್ಪಾಡನ್ನು. ಸೀಟಿನ ನಿಯಮವಿರುವ ಪುಟವನ್ನು ಪ್ಲಾಟ್‌ಫಾರ್ಮ್ ಸೇವೆಯಲ್ಲಿ ನಡೆಸಲಿ. ಡೇಟಾಬೇಸನ್ನು ಅದೇ ಪ್ಲಾಟ್‌ಫಾರ್ಮ್ ನಿರ್ವಹಿಸಲಿ. ಚಿತ್ರಗಳು ಆಬ್ಜೆಕ್ಟ್ ಸಂಗ್ರಹಕ್ಕೆ ಹೋಗಲಿ. ದೃಢೀಕರಣದ ಇಮೇಲ್ ಕಳುಹಿಸುವುದನ್ನು ಆ ಕೆಲಸಕ್ಕೆಂದೇ ಇರುವ ಸಾಫ್ಟ್‌ವೇರ್ ಸೇವೆಗೆ ವಹಿಸಲಿ. ಖಾಲಿ ಯಂತ್ರವನ್ನು ಬಾಡಿಗೆಗೆ ಹಿಡಿಯುವ ಕಾರಣ ಇಲ್ಲಿ ಯಾವುದೂ ಇಲ್ಲ. ಪ್ಲಾಟ್‌ಫಾರ್ಮ್ ಒಪ್ಪದ ಹಳೆಯ ತಂತ್ರಾಂಶವೊಂದನ್ನು ನಡೆಸಲೇಬೇಕಾದಾಗ, ಅಥವಾ ಆಪರೇಟಿಂಗ್ ಸಿಸ್ಟಮ್ಮಿನ ಒಳಗೇ ಬದಲಾವಣೆ ಬೇಕಾದಾಗ ಆ ಕಾರಣ ಹುಟ್ಟುತ್ತದೆ. ಹಾಗೆ ಹುಟ್ಟಿದಾಗಲೂ ಆ ಒಂದು ಭಾಗವನ್ನಷ್ಟೇ ಖಾಲಿ ಯಂತ್ರಕ್ಕೆ ಇಳಿಸಿ, ಉಳಿದದ್ದನ್ನು ಇದ್ದಲ್ಲಿಯೇ ಬಿಡಬಹುದು.

ಕೊನೆಯ ಹೆಜ್ಜೆಯಾಗಿ ಈ ಏರ್ಪಾಡಿನ ಪ್ರತಿ ಭಾಗದ ಎದುರು ಮೂರು ವಿವರಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ: ಅದು ನಿಂತರೆ ಮೊದಲು ತಿಳಿಯುವುದು ಯಾರಿಗೆ, ಸರಿಪಡಿಸುವ ಹೊಣೆ ಯಾರದು, ಅದರ ಖಾತೆಗೆ ಪ್ರವೇಶವಿರುವ ಎರಡನೆಯ ವ್ಯಕ್ತಿ ಯಾರು. ಮೂರನೆಯ ವಿವರದ ಜಾಗ ಖಾಲಿಯಿದ್ದರೆ ನೋಂದಣಿ ತೆರೆಯುವ ದಿನಾಂಕವನ್ನು ಪ್ರಕಟಿಸುವ ಮುನ್ನ ಅದನ್ನು ತುಂಬಿ.